ರಿಮೋಟ್ ಕಾರು ಮೂಲೆ ಸೇರಿತು, ಗೋಲಿಗುಂಡು ಉಳಿಯಿತು

ಏಳು ವರ್ಷದ ಹುಡುಗನ ಕೈಗೆ ಒಂದು ರಿಮೋಟ್ ಕಾರು ಕೊಡಿ. ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ಲೈಟು ಹಾಕಿಕೊಂಡು ಕೂಗುತ್ತದೆ. ಹತ್ತು ನಿಮಿಷಕ್ಕೆ ಅದರ ವಿದ್ಯೆಯೆಲ್ಲ ಮುಗಿಯಿತು. ಬೇರೆ ಮಕ್ಕಳು ಆ ಕಾರಿಗೆ ಒಂದು ಕಥೆ ಕಟ್ಟಿಕೊಂಡು ಇನ್ನೂ ಎರಡು ದಿನ ಆಡಬಹುದು. ಎಡಿಎಚ್‌ಡಿ ಇರುವ ಹುಡುಗ, ಅಂದರೆ ಗಮನ ಹಿಡಿದಿಡುವುದೇ ಕಷ್ಟವಾಗುವ ಹುಡುಗ, ಅಷ್ಟು ಹೊತ್ತು ಕಾಯುವುದಿಲ್ಲ. ಮಂಚದ ಕೆಳಗೆ ತಳ್ಳಿ ಎದ್ದು ಹೋಗುತ್ತಾನೆ. ದುಡ್ಡು ಕೊಟ್ಟವರಿಗೆ ಹೊಟ್ಟೆ ಉರಿಯುತ್ತದೆ, ಸಹಜವೇ.

ಇದು ಸೊಕ್ಕೂ ಅಲ್ಲ, ಮುದ್ದು ಜಾಸ್ತಿಯಾಗಿದ್ದೂ ಅಲ್ಲ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವಿದೆ. 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳಿಗೆ ಹಣ್ಣಿನ ರಸ ಕೊಟ್ಟು ನೋಡಿದರು. ಅನಿರೀಕ್ಷಿತವಾಗಿ ರಸ ಸಿಕ್ಕಾಗ ಡೋಪಮಿನ್ ನರಕೋಶಗಳು ಜೋರಾಗಿ ಮಿಡಿದವು. ಆದರೆ ದೀಪ ಹೊತ್ತಿದ ಮೇಲೆ ರಸ ಬಂದೇ ಬರುತ್ತದೆ ಎಂದು ಮಂಗಕ್ಕೆ ಗೊತ್ತಾದಾಗ, ರಸ ಬಂದರೂ ಆ ಮಿಡಿತ ಏಳಲಿಲ್ಲ. ಮುಂಚೆಯೇ ಗೊತ್ತಿರುವ ಖುಷಿಗೆ ಮಿದುಳು ಹೊಸದಾಗಿ ಎಚ್ಚರವಾಗುವುದಿಲ್ಲ. ಇದು ನಮ್ಮೆಲ್ಲರ ಮಿದುಳಿನ ಗುಣ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಇದರ ಜೊತೆ ಇನ್ನೊಂದು ಸೇರುತ್ತದೆ: ತಡವಾಗಿ ಸಿಗುವ ಖುಷಿಯ ಬೆಲೆ ಅವರಿಗೆ ಬೇಗ ಇಳಿದುಹೋಗುತ್ತದೆ. ಐನೂರು ತುಂಡಿನ ಜಿಗ್ಸಾ ಚಿತ್ರ ಮೂರು ದಿನದ ಮೇಲೆ ಪೂರ್ತಿಯಾಗುತ್ತದೆ ಎನ್ನುವುದು ಅವರಿಗೆ ಆಸೆಯೇ ಹುಟ್ಟಿಸುವುದಿಲ್ಲ.

ಇಲ್ಲಿ ಅವ್ವಂದಿರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಮೊಬೈಲ್ ಕೊಟ್ರ ಎರಡು ತಾಸು ಅಲ್ಲಾಡದ ಕೂಡ್ತಾನ್ರೀ, ಇವಂಗ ಗಮನ ಇಲ್ಲ ಅಂದ್ರ ಹೆಂಗ ನಂಬೋದು?" ನ್ಯಾಯವಾದ ಪ್ರಶ್ನೆ. ಗಮನ ಇಲ್ಲ ಅಂತಲ್ಲ, ಬೇಕಾದ ಕಡೆ ಅದನ್ನು ತಿರುಗಿಸಿ ನಿಲ್ಲಿಸುವುದು ಆಗುವುದಿಲ್ಲ. ಮೊಬೈಲ್ ಆಟದಲ್ಲಿ ಒತ್ತಿದ ಕೂಡಲೇ ಏನೋ ಆಗುತ್ತದೆ, ಪ್ರತಿ ಸಲ ಸ್ವಲ್ಪ ಬೇರೆ ಆಗುತ್ತದೆ, ಸೋತರೆ ಅದೇ ಕ್ಷಣ ಮತ್ತೆ ಶುರು. ಈ ಮೂರು ಗುಣವನ್ನು ಪರದೆ ಇಲ್ಲದ ಆಟದಲ್ಲಿ ಹುಡುಕಿದರೆ ನಮ್ಮ ಅರ್ಧ ಕೆಲಸ ಆದಂತೆ.

ನಾನು ಎಲ್ಲರಿಗೂ ಹೇಳುವುದು ಗೋಲಿ ಓಡಿಸುವ ಹಾದಿ. ಗೋಡೆಗೆ ಒರಗಿಸಿದ ರಟ್ಟಿನ ಮೇಲೆ ಇಳಿಜಾರು ಕಟ್ಟಿ, ಮೇಲಿಂದ ಗೋಲಿ ಬಿಟ್ಟು, ಕೆಳಗಿನ ಸ್ಟೀಲ್ ವಾಟಿಗೆ ಬೀಳಿಸುವುದು, ಅಷ್ಟೇ. ಅಂಗಡಿಯಲ್ಲಿ ಇದರ ಪ್ಲಾಸ್ಟಿಕ್ ಸೆಟ್ಟು ಸಿಗುತ್ತದೆ, ಆದರೆ ಅದರ ತುಂಡುಗಳು ಜೋಡಿಸುವಾಗಲೇ ಕೈಕೊಡುತ್ತವೆ. ಅದಕ್ಕಿಂತ ಹುಬ್ಬಳ್ಳಿಯ ಯಾವುದಾದರೂ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ವೈರಿಂಗಿಗೆ ಹಾಕುವ ಕೇಸಿಂಗ್ ಪಟ್ಟಿ, ಒಂದು ಇಂಚಿನದು, ಒಂದು ಉದ್ದ ತನ್ನಿ. ಮೇಲಿನ ಮುಚ್ಚಳ ತೆಗೆದರೆ ಗೋಲಿಗೆ ಹೇಳಿ ಮಾಡಿಸಿದ ಕಾಲುವೆ. ದೊಡ್ಡವರು ಒಂದೊಂದು ಅಡಿಯ ಐದಾರು ತುಂಡು ಕತ್ತರಿಸಿ ಅಂಚನ್ನು ಉಜ್ಜಿ ನುಣುಪು ಮಾಡಿಡಿ. ಫ್ರಿಜ್ಜಿನ ರಟ್ಟಿನ ಡಬ್ಬದ ಒಂದು ಮಗ್ಗಲು, ಪೇಂಟ್ ಮಾಡುವವರು ಬಳಸುವ ಕಾಗದದ ಟೇಪು, ನಾಲ್ಕು ಗೋಲಿ. ಸುಣ್ಣದ ಗೋಡೆಗೆ ನೇರವಾಗಿ ಅಂಟಿಸಲು ಹೋಗಬೇಡಿ, ಟೇಪಿನ ಜೊತೆ ಸುಣ್ಣವೂ ಕಿತ್ತು ಬರುತ್ತದೆ.

ಧಾರವಾಡದಲ್ಲಿ ಗೆಳೆಯರ ಮನೆಯ ಹುಡುಗನಿಗೆ ಇದನ್ನು ಕೊಟ್ಟಾಗ ಮೊದಲ ಎರಡು ತುಂಡನ್ನು ನಾನೇ ಅಂಟಿಸಿದ್ದೆ. ಇದು ಮುಖ್ಯ. ಖಾಲಿ ರಟ್ಟು ಮುಂದಿಟ್ಟು "ಏನಾದರೂ ಮಾಡು" ಅಂದರೆ ಈ ಮಕ್ಕಳಿಗೆ ಶುರು ಮಾಡುವುದೇ ದೊಡ್ಡ ಗುಡ್ಡ. ಗೋಲಿ ಬಿಟ್ಟ. ಎರಡನೇ ತಿರುವಿನಲ್ಲಿ ಅದು ಜಿಗಿದು ಸೋಫಾದ ಕೆಳಗೆ ಹೋಯಿತು. "ಮಾಮಾ, ಹಾರ್ತು!" ಅಂತ ಕುಣಿದ. ಯಾಕೆ ಹಾರಿತು ಅಂತ ನಾನು ಪಾಠ ಮಾಡಲಿಲ್ಲ, ಎಲ್ಲಿ ಹಾರಿತು ತೋರಿಸು ಅಂದೆ. ಬೆರಳಿಟ್ಟು ತೋರಿಸಿದ, ಮೇಲಿನ ಪಟ್ಟಿಯನ್ನು ಸ್ವಲ್ಪ ಮಲಗಿಸಿದ. ಜಾಸ್ತಿ ಮಲಗಿಸಿದ್ದರಿಂದ ಈ ಸಲ ಗೋಲಿ ನಡುವೆಯೇ ನಿಂತಿತು. ಮತ್ತೆ ಎತ್ತಿದ. ಒಂದು ಅಡಿ ಪಟ್ಟಿಗೆ ಮೂರು ಬೆರಳಿನಷ್ಟು ಇಳುಕಲು ಸಾಕು ಎನ್ನುವುದು ಅವನ ಕೈಗೇ ಗೊತ್ತಾಯಿತು. ಇಷ್ಟೂ ಹೊತ್ತು ಅವನು ನಿಂತಿದ್ದ, ಬಗ್ಗುತ್ತಿದ್ದ, ಗೋಲಿ ಹಿಂದೆ ಓಡುತ್ತಿದ್ದ. ಸುಮ್ನೆ ಕೂರು ಅಂತ ಯಾರೂ ಹೇಳಬೇಕಾಗಲಿಲ್ಲ. ಹಾಗೆ ಹೇಳಲೂಬಾರದು, ಏಕೆಂದರೆ ಇಂಥ ಎಷ್ಟೋ ಮಕ್ಕಳಿಗೆ ಮೈ ಆಡುತ್ತಿದ್ದರೇ ತಲೆಯೂ ಓಡುತ್ತದೆ.

ವಾಟಿಗೆ ಗೋಲಿ ಟಣ್ ಅಂತ ಬಿದ್ದ ಮೇಲೆ ಆಟ ಮುಗಿಯುವ ಅಪಾಯವಿದೆ. ಆಗ ಸವಾಲನ್ನು ತಿರುಗಿಸಬೇಕು: ಈಗ ನಿಧಾನ ಬರಲಿ, ನಾವು ಹತ್ತು ಎಣಿಸುವವರೆಗೂ ಗೋಲಿ ವಾಟಿಗೆ ಬೀಳಬಾರದು. ಬೇಗ ಬೀಳಿಸುವುದು ಸುಲಭ, ತಡೆದು ಬೀಳಿಸುವುದಕ್ಕೆ ಬುದ್ಧಿ ಬೇಕು. ಪಟ್ಟಿಯೊಳಗೆ ಹಳೇ ಟವೆಲ್ಲಿನ ಚೂರು ಹಾಸುವುದು ಅವನಿಗೇ ಹೊಳೆಯಿತು.

ಎದ್ದು ಹೋದ ಅಂದರೆ ಬೇಸರವಾಯಿತು ಅಂತಲೇ ತಿಳಿಯಬೇಡಿ. ಎಲ್ಲಿ ಎದ್ದು ಹೋಗುತ್ತಾನೆ ನೋಡಿ. ಪ್ರತಿ ಸಲ ಅದೇ ಜಾಗದಲ್ಲಿ, ಉದಾಹರಣೆಗೆ ಟೇಪು ಹರಿಯುವಾಗಲೇ ಬಿಟ್ಟು ಹೋದರೆ, ಅದು ಬೇಸರವಲ್ಲ, ಅಲ್ಲಿ ಅವನಿಗೆ ಕಷ್ಟವಾಗುತ್ತಿದೆ. ಟೇಪಿನ ತುಂಡುಗಳನ್ನು ನೀವೇ ಮೊದಲೇ ಹರಿದು ಮೇಜಿನ ಅಂಚಿಗೆ ಅಂಟಿಸಿಡಿ, ಆಟ ಮುಂದೆ ಸಾಗುತ್ತದೆ. ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ ಆಕಳಿಸಿ, ಕಿಟಕಿ ನೋಡಿ ಹೋದರೆ ಅದು ನಿಜವಾದ ಬೇಸರ. ಆಗ ಹಿಡಿದು ಕೂರಿಸುವುದು ಬೇಡ. ಇನ್ನೂ ಒಂದು ಸಲ ಆಡಬೇಕು ಅನ್ನುವಾಗಲೇ ನಿಲ್ಲಿಸಿದರೆ ಮರುದಿನ ಅವನೇ ಕೇಳುತ್ತಾನೆ. ರಟ್ಟನ್ನು ಬಿಚ್ಚದೆ ಹಾಗೆಯೇ ಬೀರುವಿನ ಹಿಂದೆ ಸರಿಸಿಡಿ.

ಉಳಿದ ಆಟಿಕೆಗಳನ್ನೂ ಕಣ್ಣಿಂದ ಮರೆ ಮಾಡಿ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಒಂದು ಸಲ 4, ಇನ್ನೊಂದು ಸಲ 16 ಆಟಿಕೆ ಕೊಟ್ಟು ನೋಡಿದ್ದರು. ನಾಲ್ಕೇ ಇದ್ದಾಗ ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಅವರು ಒಂದೂವರೆಯಿಂದ ಎರಡೂವರೆ ವರ್ಷದ ಸಾಮಾನ್ಯ ಮಕ್ಕಳು, ಎಡಿಎಚ್‌ಡಿಯವರಲ್ಲ. ಆದರೂ ಖರ್ಚಿಲ್ಲದ ಉಪಾಯ, ಮಾಡಿ ನೋಡಬಹುದು. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಮಾತ್ರ ಗೋಲಿ ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಯಿಗೆ ಹೋಗದಂಥ ದೊಡ್ಡ ಚೆಂಡು, ಅದಕ್ಕೆ ತಕ್ಕ ಅಗಲದ ಪೈಪು ತನ್ನಿ.

ಹುಟ್ಟುಹಬ್ಬಕ್ಕೆ ಏನು ತರಲಿ ಎನ್ನುವ ಕಾಕಾ, ಮಾಮಾಂದಿರಿಗೂ ಇದನ್ನೇ ಹೇಳಿ: ಒಂದು ಗುಂಡಿ, ಒಂದು ಹಾಡು ಇರುವುದು ಬೇಡ, ಮುಗಿದ ಮೇಲೆ ಮತ್ತೆ ಬೇರೆ ಥರ ಕಟ್ಟಬಹುದಾದದ್ದು ಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ತರುವ ಮಣ್ಣಿನಲ್ಲಿ ಒಂದು ಮುದ್ದೆ ಉಳಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಅದೂ ಇಂಥದ್ದೇ ಆಟ. ಎತ್ತಿನ ಕಾಲು ತೆಳ್ಳಗಾದರೆ ಕುಸಿದು ಕೂತುಬಿಡುತ್ತದೆ, ತಪ್ಪು ಅಲ್ಲೇ ಕಾಣುತ್ತದೆ.

ಇದರಿಂದ ಎಡಿಎಚ್‌ಡಿ ವಾಸಿಯಾಗುವುದಿಲ್ಲ. ಗೋಲಿಯ ಮುಂದೆ ಅರ್ಧ ತಾಸು ನಿಂತ ಹುಡುಗ ಮಗ್ಗಿ ಬರೆಯಲು ಕೂತರೆ ಮತ್ತೆ ಐದು ನಿಮಿಷಕ್ಕೆ ಏಳುತ್ತಾನೆ. ಆಟಿಕೆ ಬೇಗ ಬೇಸರವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಎಡಿಎಚ್‌ಡಿ ಅನ್ನುವುದೂ ತಪ್ಪು. ತೊಂದರೆ ಹನ್ನೆರಡು ವರ್ಷದೊಳಗೇ ಶುರುವಾಗಿರಬೇಕು, ಆರು ತಿಂಗಳಾದರೂ ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು. ನಿದ್ದೆ ಸಾಲದಿದ್ದರೂ, ಕಿವಿ ಸರಿಯಾಗಿ ಕೇಳದಿದ್ದರೂ ಮಕ್ಕಳು ಹೀಗೆಯೇ ಆಡುತ್ತಾರೆ. ಅನುಮಾನವಿದ್ದರೆ ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯದ ಆಸ್ಪತ್ರೆಯಲ್ಲಿ ತೋರಿಸಿ. ಹೋಗುವಾಗ ಕ್ಲಾಸ್ ಟೀಚರ್ ಹತ್ತಿರ ಹುಡುಗ ತರಗತಿಯಲ್ಲಿ ಹೇಗಿರುತ್ತಾನೆ ಅಂತ ಅರ್ಧ ಪುಟ ಬರೆಸಿಕೊಂಡು ಹೋಗಿ, ಡಾಕ್ಟರು ಅದನ್ನು ಕೇಳಿಯೇ ಕೇಳುತ್ತಾರೆ.