ಒಟಿಜಿ ಇದೆಯಾ? ಮೊದಲು ಮೌಸ್ ಚುಚ್ಚಿ ನೋಡಿ

ಅಕ್ಕನ ಮಗ ಹೊಸ ಫೋನ್ ಕೊಳ್ಳುವಾಗ ಅಂಗಡಿಯಲ್ಲಿ ಮರೆಯದೇ ಕೇಳಿದ್ದ: "ಇದರಲ್ಲಿ ಒಟಿಜಿ ಇದೆಯಾ?" ಒಟಿಜಿ ಎಂದರೆ ಪೆನ್ ಡ್ರೈವ್, ಮೌಸ್‌ನಂಥವನ್ನು ಫೋನಿಗೇ ಸಿಕ್ಕಿಸಿ ಬಳಸುವ ಸೌಲಭ್ಯ. ಅಂಗಡಿಯವರು, "ಈಗ ಎಲ್ಲದರಲ್ಲೂ ಇರುತ್ತೆ ಸಾರ್" ಅಂದರು. ಮನೆಗೆ ಬಂದವನೇ ಗೃಹಪ್ರವೇಶದ ಫೋಟೊಗಳಿದ್ದ ಕ್ಯಾಮೆರಾದ 64 ಜಿಬಿ ಕಾರ್ಡನ್ನು ರೀಡರ್‌ಗೆ ತುರುಕಿ ಫೋನಿಗೆ ಚುಚ್ಚಿದ. ಈ ಡ್ರೈವ್ ನನಗೆ ಆಗುವುದಿಲ್ಲ, ಸರಿಮಾಡಲು ಇಲ್ಲಿ ಒತ್ತಿ ಎಂಬರ್ಥದ ಸೂಚನೆ ಬಂತು. ಅವನ ಹೆಬ್ಬೆರಳು ಒತ್ತಲು ಹೋಗಿತ್ತು. "ಮಾವ, ಒತ್ತಲಾ?" ಎಂದು ಕೇಳಿದ್ದು ಪುಣ್ಯ. ಫೋನಿನ ಲೆಕ್ಕದಲ್ಲಿ 'ಸರಿಮಾಡು' ಎಂದರೆ `Format`. ಒತ್ತಿದ್ದರೆ ಗೃಹಪ್ರವೇಶದ ಫೋಟೊಗಳೆಲ್ಲ ಅಳಿಸಿಹೋಗುತ್ತಿದ್ದವು.

ಹಾಗಾದರೆ ಅಂಗಡಿಯವರು ಹೇಳಿದ್ದು ಸುಳ್ಳಾ? ಅಲ್ಲ. ಫೋನಿನಲ್ಲಿ ಒಟಿಜಿ ಇತ್ತು. ಕಾರ್ಡ್ ಓದಲು ಅದೊಂದೇ ಸಾಲದು, ಅಷ್ಟೇ.

ಯುಎಸ್‌ಬಿಯಲ್ಲಿ ಯಾವಾಗಲೂ ಒಬ್ಬ ಯಜಮಾನ, ಒಬ್ಬ ಆಳು. ಕರೆಂಟ್ ಕೊಡುವುದು, ಮಾತು ಶುರುಮಾಡುವುದು ಯಜಮಾನನ ಕೆಲಸ. ಕೇಳಿದಾಗ ಉತ್ತರ ಕೊಡುವುದು ಆಳಿನ ಕೆಲಸ. ಕಂಪ್ಯೂಟರ್ ಯಾವಾಗಲೂ ಯಜಮಾನ, ಪೆನ್ ಡ್ರೈವ್ ಯಾವಾಗಲೂ ಆಳು. ಫೋನ್ ಮಾತ್ರ ಎಡಬಿಡಂಗಿ. ಕಂಪ್ಯೂಟರಿಗೆ ಸಿಕ್ಕಿಸಿದಾಗ ಅದು ಆಳಾಗಬೇಕು, ಪೆನ್ ಡ್ರೈವ್ ಸಿಕ್ಕಿಸಿದಾಗ ಯಜಮಾನನಾಗಬೇಕು. ಹೀಗೆ ಪಾತ್ರ ಬದಲಿಸುವುದಕ್ಕೆ 2001ರಲ್ಲಿ ಬಂದ ನಿಯಮವೇ ಒಟಿಜಿ. 2010ರ ನೋಕಿಯಾ ಎನ್8 ಫೋನಿನಲ್ಲಿ ಇದು ಇತ್ತು. ಆಂಡ್ರಾಯ್ಡ್‌ಗೆ ಬಂದದ್ದು 2011ರಲ್ಲಿ, 3.1ನೇ ಆವೃತ್ತಿಯೊಂದಿಗೆ.

ಈಗ ಯಾವ ಪಾತ್ರ ಮಾಡಬೇಕು ಅಂತ ಫೋನಿಗೆ ಹೇಗೆ ಗೊತ್ತಾಗುತ್ತೆ? ಕೆಟ್ಟುಹೋದ ಹಳೆಯ ಮೈಕ್ರೊ ಯುಎಸ್‌ಬಿ ಒಟಿಜಿ ಕೇಬಲ್ಲನ್ನು ಒಮ್ಮೆ ಬ್ಲೇಡಿನಿಂದ ಸೀಳಿ ನೋಡಿದ್ದೆ. ತುದಿಯಲ್ಲಿ ಸಾಲಾಗಿ ಐದು ಪಿನ್ನುಗಳು. ಮಾಮೂಲಿ ಚಾರ್ಜಿಂಗ್ ಕೇಬಲ್ಲಿನಲ್ಲಿ ನಾಲ್ಕನೆಯದಕ್ಕೆ ಏನೂ ತಾಗಿಸಿರುವುದಿಲ್ಲ, ಸುಮ್ನೆ ಇರುತ್ತದೆ. ಒಟಿಜಿ ಕೇಬಲ್ಲಿನಲ್ಲಿ ಅದನ್ನು ಪಕ್ಕದ ಐದನೆಯದಕ್ಕೆ, ಅಂದರೆ ಗ್ರೌಂಡಿಗೆ, ಸೇರಿಸಿರುತ್ತಾರೆ. ನನ್ನ ಕೇಬಲ್ಲಿನಲ್ಲಿ ಅಲ್ಲಿದ್ದದ್ದು ಸಾಸಿವೆ ಕಾಳಿಗಿಂತ ಚಿಕ್ಕ ಬೆಸುಗೆಯ ಚುಕ್ಕೆ. ನಾಲ್ಕನೇ ಪಿನ್ ಗ್ರೌಂಡಿಗೆ ಅಂಟಿದ್ದು ಕಂಡರೆ ಫೋನ್ ಯಜಮಾನನಾಗಿ 5 ವೋಲ್ಟ್ ಹೊರಗೆ ಬಿಡುತ್ತದೆ. ಟೈಪ್-ಸಿಯಲ್ಲಿ ಆ ಪಿನ್ ಇಲ್ಲ. ಬದಲಿಗೆ ಸಿಸಿ ಎಂಬ ಪಿನ್ನಿನಲ್ಲಿ 5.1 ಕಿಲೊಓಮ್‌ನ ರೆಸಿಸ್ಟರ್ ಇದೆಯೇ ಅಂತ ಫೋನ್ ಹುಡುಕುತ್ತದೆ. ಅದು ಸಿಕ್ಕರೆ ಆ ಕಡೆ ಇರುವುದು ಆಳು ಎಂದು ತಿಳಿಯುತ್ತದೆ. ಆ ರೆಸಿಸ್ಟರ್ ಇರುವುದು ಫೋನಿಗೂ ಪೆನ್ ಡ್ರೈವಿಗೂ ನಡುವೆ ಹಾಕುವ ಒಟಿಜಿ ಅಡಾಪ್ಟರ್‌ನ ಹೊಟ್ಟೆಯೊಳಗೆ. ಹಾಗಾಗಿ ಫೋನ್ ಕೆಟ್ಟಿದೆ ಅನ್ನುವ ಮೊದಲು ಇನ್ನೊಂದು ಅಡಾಪ್ಟರ್ ಹಾಕಿ ನೋಡಬೇಕು.

ಇಲ್ಲಿ ನನಗೆ ತುಂಬಾ ಇಷ್ಟದ ಉಪಕರಣ ಹಳೆಯ ವೈರ್ ಮೌಸ್, ಅದೂ ಅಡಿಯಲ್ಲಿ ಕೆಂಪು ಬೆಳಕು ಬರುವ ಅಗ್ಗದ್ದು. ಅದನ್ನು ಅಡಾಪ್ಟರ್ ಮೂಲಕ ಫೋನಿಗೆ ಚುಚ್ಚಿ ತಿರುಗಿಸಿ ಹಿಡಿಯಿರಿ. ಕೆಂಪು ಬೆಳಕು ಬಂದರೆ ಫೋನ್ ಯಜಮಾನನಾಗಿ ಕರೆಂಟ್ ಕೊಡುತ್ತಿದೆ ಎಂದರ್ಥ. ಪರದೆಯ ಮೇಲೆ ಬಾಣವೂ ಓಡಾಡಿದರೆ ಮಾತುಕತೆಯೂ ನಡೆದಿದೆ. ಬೆಳಕೇ ಇಲ್ಲವಾ? ಒಂದೋ ಅಡಾಪ್ಟರ್ ಸರಿಯಿಲ್ಲ, ಇಲ್ಲವೇ ಫೋನಿಗೆ ಆ ಶಕ್ತಿ ಇಲ್ಲ, ಅಥವಾ ಸೆಟ್ಟಿಂಗ್ಸ್‌ನಲ್ಲಿ ಸ್ವಿಚ್ ಆಫ್ ಆಗಿದೆ. ಬ್ಯಾಟರಿ ಉಳಿಸಲೆಂದು ಕೆಲವು ಕಂಪನಿಗಳ ಫೋನುಗಳಲ್ಲಿ ಒಟಿಜಿಗೆ ಬೇರೆ ಸ್ವಿಚ್ ಇರುತ್ತದೆ. ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನಾಗಿ ಆಫ್ ಆಗುವುದೂ ಉಂಟು. ಸೆಟ್ಟಿಂಗ್ಸ್‌ನ ಹುಡುಕಾಟದಲ್ಲಿ `OTG` ಎಂದು ಟೈಪ್ ಮಾಡಿದರೆ ಸಿಗುತ್ತದೆ. ನಿನ್ನೆ ಓದಿದ ಪೆನ್ ಡ್ರೈವ್ ಇವತ್ತು ಓದುತ್ತಿಲ್ಲ ಎನ್ನುವ ದೂರುಗಳಲ್ಲಿ ಕೆಲವಕ್ಕೆ ಕಾರಣ ಇಷ್ಟೇ.

ನಮ್ಮ ಹುಡುಗನ ಫೋನಿನಲ್ಲಿ ಬೆಳಕೂ ಬಂತು, ಬಾಣವೂ ಬಂತು. ನನ್ನ ಹಳೆಯ 16 ಜಿಬಿ ಪೆನ್ ಡ್ರೈವ್ ಹಾಕಿದೆವು, ಹಾಡುಗಳೆಲ್ಲ ಕಂಡವು. ಕಾರ್ಡ್ ರೀಡರ್‌ನಲ್ಲಿ ಬೇರೆ ಕಾರ್ಡ್ ಹಾಕಿದರೆ ಅದೂ ಕಂಡಿತು. ಅಂದಮೇಲೆ ತಕರಾರು ಇದ್ದದ್ದು ಆ 64 ಜಿಬಿ ಕಾರ್ಡ್ ಜೊತೆಗೆ ಮಾತ್ರ.

ಕಾರ್ಡಿನೊಳಗೆ ಫೈಲುಗಳನ್ನು ಜೋಡಿಸುವುದಕ್ಕೆ ಬೇರೆ ಬೇರೆ ಪದ್ಧತಿಗಳಿವೆ. ನಿಯಮದಂತೆ 2 ಜಿಬಿಗಿಂತ ದೊಡ್ಡ, 32 ಜಿಬಿವರೆಗಿನ ಎಸ್‌ಡಿ ಕಾರ್ಡುಗಳು ಫ್ಯಾಟ್32 ಪದ್ಧತಿಯಲ್ಲಿ ಬರುತ್ತವೆ. ಅದನ್ನು ಓದದ ಫೋನ್ ಇಲ್ಲ ಅನ್ನಬಹುದು. ಆದರೆ ಅದರಲ್ಲಿ 4 ಜಿಬಿ ತಲುಪಿದ ಒಂದೇ ಫೈಲ್ ಹಿಡಿಸುವುದಿಲ್ಲ. ಉದ್ದದ ವಿಡಿಯೊ ನಕಲಾಗದೆ ಅರ್ಧದಲ್ಲಿ ನಿಂತರೆ ಇದನ್ನೇ ಅನುಮಾನಿಸಿ. 64 ಜಿಬಿಯಿಂದ ಮೇಲಿನ ಕಾರ್ಡುಗಳು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ. ಅದು ಮೈಕ್ರೊಸಾಫ್ಟ್‌ನ ಪದ್ಧತಿ. 2019ರಲ್ಲಿ ಅವರು ಅದರ ವಿವರಗಳನ್ನು ಬಹಿರಂಗ ಮಾಡುವವರೆಗೆ ಬಳಸುವವರು ಪರವಾನಗಿ ಪಡೆಯಬೇಕಿತ್ತು. ಹಾಗಾಗಿ ಕೆಲವು ಫೋನುಗಳು, ಅದರಲ್ಲೂ ಹಳೆಯ ಮತ್ತು ಅಗ್ಗದವು, ಎಕ್ಸ್‌ಫ್ಯಾಟ್ ಓದುವುದಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ ಡ್ರೈವ್ ಅಂತೂ ಜಾಸ್ತಿ ಫೋನುಗಳಿಗೆ ಅರ್ಥವೇ ಆಗುವುದಿಲ್ಲ. 'ಒಟಿಜಿ ಇದೆಯಾ' ಎಂದು ನೋಡಿ ಹೇಳುವ ಆ್ಯಪ್‌ಗಳಿಗೂ ಇದು ತಿಳಿಯದು. ಅವು ನೋಡುವುದು ಫೋನಿನೊಳಗೆ `android.hardware.usb.host` ಎಂಬ ಗುರುತು ಇದೆಯೇ ಎಂಬುದನ್ನು. ಆ ಗುರುತಿದ್ದ ಮಾತ್ರಕ್ಕೆ ನಿಮ್ಮ ಕಾರ್ಡ್ ತೆರೆಯುತ್ತದೆ ಅಂತಲ್ಲ.

ಇನ್ನು ಕರೆಂಟಿನ ವಿಷಯ. ಮೌಸ್, ಕೀಬೋರ್ಡ್, ಪೆನ್ ಡ್ರೈವ್ ಕೇಳುವುದು ಕಡಿಮೆ. ತಿರುಗುವ ತಟ್ಟೆಯಿರುವ ಪೋರ್ಟಬಲ್ ಹಾರ್ಡ್ ಡಿಸ್ಕ್ ಹಾಗಲ್ಲ. ತಟ್ಟೆ ತಿರುಗಲು ಶುರುವಾಗುವಾಗ ಅದಕ್ಕೆ ಒಮ್ಮೆಲೇ ಜಾಸ್ತಿ ಕರೆಂಟ್ ಬೇಕು. ಫೋನಿಗೆ ಕೊಡಲಾಗದಿದ್ದರೆ ಡಿಸ್ಕ್ ಟಿಕ್ ಟಿಕ್ ಎನ್ನುತ್ತದೆ, ಇಲ್ಲವೇ ಕಂಡು ಮಾಯವಾಗುತ್ತದೆ. ಆ ಸದ್ದು ಕೇಳಿದ ತಕ್ಷಣ ಕಿತ್ತುಬಿಡಿ. ಇದಕ್ಕೆ ಸ್ವಂತ ಚಾರ್ಜರ್‌ನಿಂದ ಕರೆಂಟ್ ಪಡೆಯುವ ಯುಎಸ್‌ಬಿ ಹಬ್ ಬೇಕು.

ಹಾಗಾಗಿ ಫೋನ್ ಕೊಳ್ಳಲು ಹೋಗುವಾಗ ನಾನು ಜೇಬಿನಲ್ಲಿ ಅಡಾಪ್ಟರ್, ಮೌಸ್, ದಿನಾ ಬಳಸುವ ಕಾರ್ಡ್ ಮತ್ತು ರೀಡರ್ ಇಟ್ಟುಕೊಳ್ಳುತ್ತೇನೆ. ಕಾರ್ಡಿನಲ್ಲಿ ಬೇಕಾದ ಫೋಟೊ ಇರಬಾರದು, ಯಾರು ಯಾವ ಗುಂಡಿ ಒತ್ತುತ್ತಾರೋ ಗೊತ್ತಿಲ್ಲ. ಡೆಮೊ ಫೋನಿಗೆ ಮೊದಲು ಮೌಸ್, ಆಮೇಲೆ ಕಾರ್ಡ್. ಎರಡು ನಿಮಿಷ ಸಾಕು. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಅದೇ ಮಾದರಿಯ ವಿವರದ ಪುಟದಲ್ಲಿ ಒಟಿಜಿಯ ಸಾಲು ಹುಡುಕುತ್ತೇನೆ. ಎಕ್ಸ್‌ಫ್ಯಾಟ್ ಬಗ್ಗೆ ಅಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಆ ಫೋನ್ ಇರುವ ಪರಿಚಯದವರಿಗೆ ನನ್ನ ಕಾರ್ಡ್ ಕೊಟ್ಟು ನೋಡುವುದೇ ದಾರಿ.

ಆ ಗೃಹಪ್ರವೇಶದ ಫೋಟೊಗಳನ್ನು ಕೊನೆಗೆ ಲ್ಯಾಪ್‌ಟಾಪ್‌ನಲ್ಲಿ ತೆಗೆದು 16 ಜಿಬಿ ಪೆನ್ ಡ್ರೈವಿಗೆ ಹಾಕಿಕೊಟ್ಟೆ. 64 ಜಿಬಿ ಕಾರ್ಡನ್ನು ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದರೆ ಮತ್ತೆ ಎಕ್ಸ್‌ಫ್ಯಾಟೇ ಆಗುತ್ತದೆ. ಅದಕ್ಕೇ ಹುಡುಗ ಈಗ ಕ್ಯಾಮೆರಾಗೆ 32 ಜಿಬಿಯ ಎರಡು ಕಾರ್ಡ್ ತಂದಿಟ್ಟುಕೊಂಡಿದ್ದಾನೆ.