‘ಡನ್’ ಕಾಲಂಗೆ ಬಂದ ಹನ್ನೊಂದು ಕಾರ್ಡುಗಳು

ಮನೆ ಬಾಗಿಲಿಗೆ ಹಾಲು, ತರಕಾರಿ ತಲುಪಿಸುವ ಸಂಸ್ಥೆಯೊಂದರ ಆ್ಯಪ್‌ನ ಹೊಸ ಆವೃತ್ತಿ ಮರುದಿನ ಬೆಳಗ್ಗೆ 5.30ಕ್ಕೆ ಬಿಡುಗಡೆಯಾಗಬೇಕಿತ್ತು. ಗ್ರಾಹಕರು ಎದ್ದು ಆರ್ಡರ್ ಹಾಕುವ ಭರಾಟೆಯೇ 5ರಿಂದ 7ರವರೆಗೆ. ನನ್ನನ್ನು ಕೇಳಿದ್ದರೆ ಬೇರೆ ಹೊತ್ತು ಹೇಳುತ್ತಿದ್ದೆ, ಆದರೆ ಅಂದಿನ ಪತ್ರಿಕೆಗಳಿಗೆ ಜಾಹೀರಾತು ಹೋಗಿಯಾಗಿತ್ತು.

ಬಿಡುಗಡೆಯ ಹಿಂದಿನ ರಾತ್ರಿ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಕೋಡ್ ಬರೆಯುವ ಕೆಲಸವಿರುವುದಿಲ್ಲ, ಪರೀಕ್ಷಿಸುವ ಕೆಲಸವೂ ಇರುವುದಿಲ್ಲ. ಬೋರ್ಡ್ ನೋಡುವುದಷ್ಟೇ ಉಳಿದಿರುತ್ತದೆ. ಪ್ರತಿ ಕೆಲಸಕ್ಕೂ ಒಂದು ಕಾರ್ಡ್ ಇದ್ದು, ಅದು ಮಾಡಬೇಕಾದದ್ದು, ನಡೆಯುತ್ತಿರುವುದು, ರಿವ್ಯೂ, ಟೆಸ್ಟಿಂಗ್ ಎಂಬ ಕಾಲಂಗಳನ್ನು ಒಂದೊಂದಾಗಿ ದಾಟಿ ‘ಡನ್’ಗೆ ಬಂದು ನಿಲ್ಲಬೇಕು. ಅಂದು ಸಂಜೆ 7ಕ್ಕೆ ನಾನು ನೋಡಿದಾಗ 47 ಕಾರ್ಡುಗಳ ಪೈಕಿ 33 ‘ಡನ್’ನಲ್ಲಿದ್ದವು. ಊಟ ಮುಗಿಸಿ 9ಕ್ಕೆ ಬಂದು ನೋಡಿದರೆ 44 ಆಗಿತ್ತು.

ಎರಡು ತಾಸಿನಲ್ಲಿ ಹನ್ನೊಂದು ಕಾರ್ಡ್ ಮುಗಿದದ್ದನ್ನು ಕಂಡು ಹಿಗ್ಗುವವರಿದ್ದಾರೆ. ನನಗೆ ಮಾತ್ರ ಅಳುಕಾಯಿತು. ವಾರವಿಡೀ ದಿನಕ್ಕೆ ನಾಲ್ಕೈದರಂತೆ ಸಾಗಿದ ತಂಡ ಕೊನೆಯ ಸಂಜೆ ಇಷ್ಟು ವೇಗ ಹಿಡಿದಿದೆಯೆಂದರೆ, ಕೆಲಸ ಮುಗಿದಿರಬಹುದು, ಇಲ್ಲವೇ ನೆಂಟರು ಬರುವ ಮುನ್ನ ಜಗಲಿ ಗುಡಿಸಿದಂತೆ ಯಾರೋ ಬೋರ್ಡ್ ಒಪ್ಪ ಮಾಡಿರಬಹುದು. ಇವೆರಡರ ವ್ಯತ್ಯಾಸ ಕಾಲಂನಲ್ಲಿ ಕಾಣಿಸುವುದಿಲ್ಲ. ಕಾರ್ಡನ್ನು ತೆರೆದು, ಅದನ್ನು ಯಾರು, ಎಷ್ಟು ಗಂಟೆಗೆ, ಯಾವ ಕಾಲಂನಿಂದ ಸರಿಸಿದರು ಎಂಬ ಇತಿಹಾಸವನ್ನು ಓದಬೇಕಾಗುತ್ತದೆ.

ಹನ್ನೊಂದನ್ನೂ ತೆರೆದೆ. ಎಂಟನ್ನು ಟೆಸ್ಟರ್ ಮಧ್ಯಾಹ್ನವೇ ಪರೀಕ್ಷಿಸಿ, ಸಂಜೆ ಒಟ್ಟಿಗೆ ಸರಿಸಿದ್ದರು. ಎರಡು ಪರದೆಯ ಮೇಲಿನ ಅಕ್ಷರ ತಿದ್ದುವ ಕೆಲಸಗಳು; ಫೋನಿನಲ್ಲಿ ನಾನೇ ನೋಡಿದೆ, ಸರಿಯಿದ್ದವು. ಹನ್ನೊಂದನೆಯದು 8.12ಕ್ಕೆ ರಿವ್ಯೂನಿಂದ ನೇರವಾಗಿ ‘ಡನ್’ಗೆ ಜಿಗಿದಿತ್ತು. ಆರ್ಡರ್‌ಗಳ ಟೇಬಲ್‌ಗೆ ಫೋನ್ ಸಂಖ್ಯೆಯ ಇಂಡೆಕ್ಸ್, ಅಂದರೆ ಫೋನ್ ಸಂಖ್ಯೆಯಿಂದ ಆರ್ಡರನ್ನು ಬೇಗ ಹುಡುಕಲು ನೆರವಾಗುವ ಸೂಚಿ, ಸೇರಿಸುವ ಕಾರ್ಡ್ ಅದು.

“ಸ್ಟೇಜಿಂಗ್‌ನಲ್ಲಿ ಓಡಿಸಿದ್ದೀನಿ ಸರ್, ಒಂದು ಸೆಕೆಂಡೂ ಹಿಡೀಲಿಲ್ಲ” ಎಂದ, ಕಾರ್ಡ್ ಸರಿಸಿದ ಹುಡುಗ. ಸ್ಟೇಜಿಂಗ್ ಎಂದರೆ ಬಿಡುಗಡೆಗೆ ಮುನ್ನ ಪರೀಕ್ಷಿಸುವ ನಕಲು ವ್ಯವಸ್ಥೆ, ಪ್ರೊಡಕ್ಷನ್ ಎಂದರೆ ಗ್ರಾಹಕರು ಬಳಸುವ ಅಸಲಿ ವ್ಯವಸ್ಥೆ.

“ಅಲ್ಲಿ ಎಷ್ಟು ಸಾಲಿದೆ?”

“ಇಪ್ಪತ್ತು ಸಾವಿರ.”

“ಪ್ರೊಡಕ್ಷನ್‌ನಲ್ಲಿ?”

ಅವನು ತಿರುಗಿ ನೋಡಿ ಹೇಳಿದ್ದು 2.8 ಕೋಟಿ. ಹೇಳುತ್ತಲೇ ಅವನ ಮುಖ ಇಳಿಯಿತು.

ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಅದರಲ್ಲಿ ಮಾಮೂಲಿ ರೀತಿಯಲ್ಲಿ ಇಂಡೆಕ್ಸ್ ಕಟ್ಟುವಾಗ ಆ ಟೇಬಲ್ಲನ್ನು ಓದಲು ಅಡ್ಡಿಯಿಲ್ಲ, ಆದರೆ ಕಟ್ಟಿ ಮುಗಿಯುವವರೆಗೆ ಹೊಸ ಸಾಲು ಬರೆಯಲು ಬಿಡುವುದಿಲ್ಲ. ಅಂದರೆ ಬೆಳಗ್ಗೆ 5.30ಕ್ಕೆ ಆ್ಯಪ್ ತೆರೆದವರಿಗೆ ಹಾಲಿನ ದರ, ಹಳೆಯ ಆರ್ಡರ್ ಎಲ್ಲವೂ ಕಾಣಿಸುತ್ತಿತ್ತು. ಹೊಸ ಆರ್ಡರ್ ಒತ್ತಿದಾಗ ಮಾತ್ರ ಚಕ್ರ ತಿರುಗುತ್ತಲೇ ಇದ್ದು, 30 ಸೆಕೆಂಡಿಗೆ ‘ಮತ್ತೆ ಪ್ರಯತ್ನಿಸಿ’ ಎಂದು ಬರುತ್ತಿತ್ತು. ಪುಟ ತೆರೆಯುತ್ತಿದೆಯೇ ಎಂದಷ್ಟೇ ನೋಡುವ ನಮ್ಮ ಎಚ್ಚರಿಕೆ ಗಂಟೆಯೂ ಸುಮ್ಮನಿರುತ್ತಿತ್ತು.

ಬರವಣಿಗೆಯನ್ನು ತಡೆಯದೆ ಕಟ್ಟುವ ಇನ್ನೊಂದು ವಿಧಾನವೂ ಇದೆ.

```
CREATE INDEX CONCURRENTLY idx_orders_phone ON orders (phone);
```

ಇದು ನಿಧಾನ, ಮೇಲಾಗಿ ಟ್ರಾನ್ಸಾಕ್ಷನ್ ಒಳಗೆ, ಅಂದರೆ ಎಲ್ಲವೂ ಒಟ್ಟಿಗೆ ಆಗುವ ಇಲ್ಲವೇ ಯಾವುದೂ ಆಗದ ಕೆಲಸಗಳ ಕಟ್ಟಿನೊಳಗೆ, ಓಡುವುದಿಲ್ಲ. ನಮ್ಮ ಬಿಡುಗಡೆಯ ಸ್ಕ್ರಿಪ್ಟ್ ಎಲ್ಲ ಬದಲಾವಣೆಗಳನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಓಡಿಸುತ್ತಿದ್ದುದರಿಂದ ಒಂದು ಪದ ಸೇರಿಸಿ ಕೈತೊಳೆದುಕೊಳ್ಳುವಂತಿರಲಿಲ್ಲ. ಈ ಸಾಲನ್ನು ಸ್ಕ್ರಿಪ್ಟ್‌ನಿಂದ ತೆಗೆದು, ರಾತ್ರಿ 1ಕ್ಕೆ ಬೇರೆಯಾಗಿ ಕೈಯಿಂದ ಓಡಿಸುವುದೆಂದು ನಿರ್ಧರಿಸಿ, ಕಾರ್ಡನ್ನು ನಾನೇ ಟೆಸ್ಟಿಂಗ್‌ಗೆ ಹಿಂದಕ್ಕೆ ಎಳೆದೆ. ‘ಡನ್’ 43ಕ್ಕೆ ಇಳಿಯಿತು. ಐದೇ ನಿಮಿಷದಲ್ಲಿ ಮೇಲಿನವರಿಂದ “ಯಾಕೆ ಕಡಿಮೆಯಾಯ್ತು?” ಎಂದು ಫೋನ್ ಬಂತು.

1ಕ್ಕೆ ಆರಂಭಿಸಿದ ಕೆಲಸ 1.40 ಆದರೂ ಮುಗಿಯಲಿಲ್ಲ. ಈ ವಿಧಾನ ತನಗಿಂತ ಮೊದಲು ಶುರುವಾದ ಟ್ರಾನ್ಸಾಕ್ಷನ್‌ಗಳು ಮುಗಿಯುವುದನ್ನು ಕಾಯುತ್ತದೆ. ಲೆಕ್ಕಪತ್ರ ವಿಭಾಗದ ರಾತ್ರಿ ವರದಿಯೊಂದು 12.30ರಿಂದ ಓಡುತ್ತಲೇ ಇತ್ತು. ಹುಡುಗ ವರದಿಯನ್ನು ನಿಲ್ಲಿಸಿಬಿಡೋಣ ಎಂದ. ಬೆಳಗಿನ ವಿತರಣೆಯ ಲೆಕ್ಕ ಅದರಿಂದಲೇ ಬರುವುದರಿಂದ ಬೇಡವೆಂದೆ. 3ಕ್ಕೂ ಮುಗಿಯದಿದ್ದರೆ ಇಂಡೆಕ್ಸನ್ನೇ ಕೈಬಿಟ್ಟು, ಫೋನ್ ಸಂಖ್ಯೆಯಿಂದ ಹುಡುಕುವ ಸೌಲಭ್ಯವನ್ನು ಮುಚ್ಚಿಟ್ಟು ಬಿಡುಗಡೆ ಮಾಡುವುದೆಂದು ಕಾರ್ಡಿನಲ್ಲೇ ಬರೆದಿಟ್ಟೆ.

2.20ಕ್ಕೆ ವರದಿ ಮುಗಿಯಿತು, ಅದರ ಬೆನ್ನಿಗೇ ಇಂಡೆಕ್ಸ್ ಕೂಡ. ಆದರೆ ಇಂಥ ಕಟ್ಟುವಿಕೆ ನಡುವೆ ಕೆಟ್ಟರೆ ಹೆಸರಿಗೆ ಇಂಡೆಕ್ಸ್ ಉಳಿದು, ಹುಡುಕಾಟಕ್ಕೆ ಬಾರದ ಸ್ಥಿತಿಯಲ್ಲಿರುತ್ತದೆ. ಆದ್ದರಿಂದ ಅದು ಸಿಂಧುವೇ ಎಂದೂ ಕೇಳಿದೆವು.

```
SELECT indisvalid FROM pg_index
WHERE indexrelid = 'idx_orders_phone'::regclass;
```

`t`, ಅಂದರೆ ಹೌದು, ಎಂಬ ಉತ್ತರ ಬಂತು. ಟೆಸ್ಟರ್ ಒಂದು ಆರ್ಡರ್ ಹಾಕಿ, ಅದನ್ನು ಫೋನ್ ಸಂಖ್ಯೆಯಿಂದ ಹುಡುಕಿ ನೋಡಿ, 2.35ಕ್ಕೆ ಕಾರ್ಡನ್ನು ‘ಡನ್’ಗೆ ಸರಿಸಿದರು.