ಬಡ್ಡಿ ಇಲ್ಲದ ಕಂತಿನಲ್ಲಿ ಬಡ್ಡಿ ಎಲ್ಲಿ ಕೂತಿರುತ್ತದೆ?

ಫರ್ನಿಚರ್ ಅಂಗಡಿಯಲ್ಲಿ ಕಂತಿನ ಮೇಲೆ ಸಾಮಾನು ತಗೊಳ್ಳುವವರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ಮುಂಗಡ ಎಷ್ಟು, ತಿಂಗಳಿಗೆ ಎಷ್ಟು. ಕೇಳಬೇಕಾದ ಮೂರನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ: ಇದೇ ಸಾಮಾನಿಗೆ ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ? ಬಡ್ಡಿ ಅಡಗಿರುವುದು ಈ ಉತ್ತರದಲ್ಲಿ.

ಲೆಕ್ಕಪತ್ರ, ತೆರಿಗೆ ನೋಡಿಕೊಳ್ಳುವುದು ನನ್ನ ಕೆಲಸ. ರಿಟರ್ನ್ ಫೈಲ್ ಮಾಡಿಸಲು ಬರುವವರು ಜೊತೆಗೆ ಇಂಥ ಕಾಗದಗಳನ್ನೂ ತರುತ್ತಾರೆ. ಹಾಗೆ ಬಂದ ಒಬ್ಬ ಹೈಸ್ಕೂಲ್ ಮೇಷ್ಟ್ರ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಓದುವುದಕ್ಕೆ ಸುಲಭ ಆಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಮಗಳ ಮದುವೆಗೆ ಅಂತ ಅವರು ಒಂದು ಡಬಲ್ ಮಂಚ, ಕನ್ನಡಿ ಇರುವ ಸ್ಟೀಲ್ ಬೀರು, ಒಂದು ಸೋಫಾ ಸೆಟ್ ತಗೊಂಡಿದ್ದರು. ಅಂಗಡಿಯಲ್ಲಿ ಹೇಳಿದ ಒಟ್ಟು ಬೆಲೆ 60,000 ರೂಪಾಯಿ. ಮುಂಗಡ 12,000. ಉಳಿದ 48,000 ರೂಪಾಯಿಗೆ ತಿಂಗಳಿಗೆ 4,000ದಂತೆ 12 ಕಂತು. ಕೂಡಿಸಿದರೆ ಸರಿಯಾಗಿ 60,000 ಬರುತ್ತದೆ. "ನೋಡಿ ಸಾರ್, ಒಂದು ರೂಪಾಯಿನೂ ಬಡ್ಡಿ ಇಲ್ಲ" ಅಂತ ಮೇಷ್ಟ್ರು ನನಗೆ ಕಾರ್ಡ್ ತೋರಿಸಿದರು. ಕಾರ್ಡಿನಲ್ಲಿ ಬಡ್ಡಿ ಎನ್ನುವ ಕಾಲಮ್ಮೇ ಇರಲಿಲ್ಲ.

"ಮೇಷ್ಟ್ರೇ, ನಗದು ಕೊಟ್ಟಿದ್ದರೆ ಎಷ್ಟಕ್ಕೆ ಕೊಡ್ತಿದ್ರು?" ಅಂತ ಕೇಳಿದೆ. ಅವರು ಕೇಳಿರಲಿಲ್ಲ. ಅವರ ತಮ್ಮ ಅದೇ ಅಂಗಡಿಗೆ ಹೋಗಿ, ಅದೇ ಮೂರು ಸಾಮಾನು ತೋರಿಸಿ, ಕಂತಿನ ಮಾತೇ ಎತ್ತದೆ ಬೆಲೆ ಕೇಳಿದರು. ಜಿಎಸ್‌ಟಿ ಸೇರಿಸಿ, ಬಿಲ್ಲಿನ ಸಮೇತ 52,000 ಅಂತ ಕೊಟೇಶನ್ ಬರೆದುಕೊಟ್ಟರು.

ಈಗ ಲೆಕ್ಕ ಬೇರೆಯಾಯಿತು. ಸಾಮಾನಿನ ನಿಜವಾದ ಬೆಲೆ 52,000. ಮುಂಗಡ 12,000 ಕಳೆದರೆ ಅಂಗಡಿಯವರು ಕೊಟ್ಟ ಸಾಲ 40,000 ಮಾತ್ರ. ಅದಕ್ಕೆ ವಾಪಸ್ ತಗೊಳ್ಳುತ್ತಿರುವುದು 48,000. ಬಡ್ಡಿ 8,000 ರೂಪಾಯಿ.

ಇಲ್ಲಿಗೆ ಬಂದಾಗ ಹೆಚ್ಚಿನವರು ಇನ್ನೊಂದು ಕಡೆ ಜಾರುತ್ತಾರೆ. 40,000ಕ್ಕೆ 8,000 ಅಂದರೆ ವರ್ಷಕ್ಕೆ ಶೇಕಡಾ 20, ಪರವಾಗಿಲ್ಲ ಬಿಡಿ, ಅನ್ನುತ್ತಾರೆ. ಆದರೆ 40,000 ರೂಪಾಯಿ ವರ್ಷವಿಡೀ ನಿಮ್ಮ ಕೈಯಲ್ಲಿ ಇರಲಿಲ್ಲ, ಅಲ್ವಾ? ಮೊದಲ ತಿಂಗಳೇ 4,000 ವಾಪಸ್ ಹೋಯಿತು, ಎರಡನೆಯ ತಿಂಗಳು ಇನ್ನೊಂದು 4,000. ಆರೇಳು ತಿಂಗಳಾಗುವಷ್ಟರಲ್ಲಿ ಬಾಕಿ ಅರ್ಧಕ್ಕೆ ಇಳಿದಿರುತ್ತದೆ. ಕೊನೆಯ ತಿಂಗಳು ನಾಲ್ಕು ಸಾವಿರಕ್ಕಿಂತ ಕಡಿಮೆ ಸಾಲ ಇರುತ್ತದೆ. ಸರಾಸರಿ ತೆಗೆದರೆ ನೀವು ಬಳಸಿದ್ದು ಸುಮಾರು 22,000 ರೂಪಾಯಿಯ ಸಾಲ. ಅದರ ಮೇಲೆ 8,000 ಬಡ್ಡಿ.

ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ಲೆಕ್ಕದಲ್ಲಿ ನೋಡಿದರೆ ಇದು ವರ್ಷಕ್ಕೆ ಸುಮಾರು ಶೇಕಡಾ 35. ನಮ್ಮ ಕಡೆ ಜನ ಮಾತಾಡುವ ಹಾಗೆ ಹೇಳಬೇಕೆಂದರೆ ತಿಂಗಳಿಗೆ ನೂರಕ್ಕೆ ಹತ್ತಿರ ಹತ್ತಿರ ಮೂರು ರೂಪಾಯಿ ಬಡ್ಡಿ. ಯಾರಾದರೂ ಮೂರು ರೂಪಾಯಿ ಬಡ್ಡಿಗೆ ಕೈಸಾಲ ಕೊಡ್ತೀನಿ ಅಂದರೆ ಮೇಷ್ಟ್ರು ಅವರ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಅದೇ ಬಡ್ಡಿಯನ್ನು ಸೋಫಾದ ಬೆಲೆಯೊಳಗೆ ಸೇರಿಸಿದ್ದರಿಂದ ಅವರಿಗೆ ಕಾಣಲಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ. ದುಬಾರಿ ಬಡ್ಡಿ ಅಂತ ಗೊತ್ತಿದ್ದೂ ಒಬ್ಬರು ಒಪ್ಪಿಕೊಂಡರೆ ಅದು ಅವರ ಇಷ್ಟ, ಆದರೆ ಬಡ್ಡಿಯೇ ಇಲ್ಲ ಅಂತ ಹೇಳಿ ತಗೊಳ್ಳುವುದು ಮೋಸ.

ಮನೆಯಲ್ಲೇ ಲೆಕ್ಕ ಹಾಕುವುದಕ್ಕೆ ಒಂದು ಸುಲಭ ದಾರಿ ಇದೆ. ತಿಂಗಳ ಕಂತಾಗಿದ್ದರೆ ಒಟ್ಟು ಬಡ್ಡಿಯನ್ನು 2,400ರಿಂದ ಗುಣಿಸಿ. ಆಮೇಲೆ ಸಾಲದ ಮೊತ್ತವನ್ನು ಕಂತಿನ ಸಂಖ್ಯೆಗಿಂತ ಒಂದು ಜಾಸ್ತಿಯಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ವರ್ಷದ ಬಡ್ಡಿ ದರ ಸಿಗುತ್ತದೆ. ಇಲ್ಲಿ 8,000ವನ್ನು 2,400ರಿಂದ ಗುಣಿಸಿ, 40,000ವನ್ನು 13ರಿಂದ ಗುಣಿಸಿ, ಭಾಗಿಸಿದರೆ ಸುಮಾರು 37 ಬರುತ್ತದೆ. ಇದು ನಿಜವಾದ ದರಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುತ್ತದೆ, ಆದರೆ ಅಂಗಡಿಯಲ್ಲಿ ನಿಂತು ತೀರ್ಮಾನ ಮಾಡುವುದಕ್ಕೆ ಸಾಕು. ಸರಿಯಾದ ದರವೇ ಬೇಕೆಂದರೆ ಎಕ್ಸೆಲ್‌ನಲ್ಲಿ ಇದನ್ನು ಹಾಕಿ:

```
=RATE(12,-4000,40000)*12
```

ಮೇಷ್ಟ್ರ ಕಾರ್ಡನ್ನು ಇನ್ನೊಮ್ಮೆ ನೋಡಿದಾಗ ಮತ್ತೊಂದು ವಿಷಯ ಕಾಣಿಸಿತು. ಮೊದಲ ಕಂತನ್ನು ಸಾಮಾನು ಮನೆಗೆ ಬಂದ ದಿನವೇ ತಗೊಂಡಿದ್ದರು. ಅಂದರೆ ಮುಂಗಡ 12,000 ಅಲ್ಲ, 16,000. ಸಾಲ 40,000 ಅಲ್ಲ, 36,000. ಉಳಿದ 11 ಕಂತಿನಲ್ಲಿ 44,000 ಕಟ್ಟಬೇಕು. ಬಡ್ಡಿ ಅದೇ 8,000, ಆದರೆ ಸಾಲ ಕಡಿಮೆ, ಅವಧಿಯೂ ಒಂದು ತಿಂಗಳು ಕಡಿಮೆ. ದರ ಶೇಕಡಾ 42ಕ್ಕೆ ಏರಿತು. ಒಂದು ತಾರೀಖು ಹಿಂದಕ್ಕೆ ಸರಿದಿದ್ದಕ್ಕೆ ಏಳು ಪರ್ಸೆಂಟ್ ಜಾಸ್ತಿ. ಇದರ ಜೊತೆ ಫೈಲ್ ಚಾರ್ಜ್, ಡಾಕ್ಯುಮೆಂಟ್ ಚಾರ್ಜ್ ಅಂತ ಐನೂರು, ಸಾವಿರ ತಗೊಂಡಿದ್ದರೆ ಅದನ್ನೂ ಬಡ್ಡಿಗೇ ಸೇರಿಸಿ ಲೆಕ್ಕ ಹಾಕಬೇಕು.

ಫರ್ನಿಚರ್‌ನಲ್ಲೇ ಇದು ಇಷ್ಟು ಸುಲಭವಾಗಿ ನಡೆಯುವುದಕ್ಕೆ ಕಾರಣ ಇದೆ. ಫ್ರಿಜ್ ಅಥವಾ ವಾಷಿಂಗ್ ಮೆಷಿನ್ ಆದರೆ ಮಾಡೆಲ್ ನಂಬರ್ ಇರುತ್ತದೆ, ಮೊಬೈಲ್‌ನಲ್ಲಿ ಹುಡುಕಿದರೆ ಬೇರೆ ಕಡೆಯ ಬೆಲೆ ತಕ್ಷಣ ಗೊತ್ತಾಗುತ್ತದೆ. ಊರಿನ ವರ್ಕ್‌ಶಾಪ್‌ನಲ್ಲಿ ಮಾಡಿದ ಮಂಚಕ್ಕೆ ಯಾವ ಮಾಡೆಲ್ ನಂಬರ್? ಹಾಗಾಗಿ ಕಂತಿನ ಬೆಲೆ ಮತ್ತು ನಗದು ಬೆಲೆ ಎರಡೂ ಅಂಗಡಿಯವರ ಬಾಯಿಂದಲೇ ಬರಬೇಕು. ಬೆಲೆ ಕೇಳುವಾಗ ಸಾಮಾನಿನ ವಿವರವನ್ನೂ ಬರೆಸಿಕೊಳ್ಳಿ. ಮಂಚ ತೇಗದ್ದೋ, ಬೇರೆ ಮರದ್ದೋ, ಪ್ಲೈವುಡ್ಡೋ. ಬೀರುವಿನ ತಗಡು ಎಷ್ಟು ಗೇಜ್. ಗೇಜ್ ನಂಬರ್ ದೊಡ್ಡದಾದಷ್ಟೂ ತಗಡು ತೆಳ್ಳಗೆ, ಅಂದರೆ 22 ಗೇಜ್ ಬೀರು 20 ಗೇಜ್‌ಗಿಂತ ತೆಳು. ವಿವರ ಬರೆಸದಿದ್ದರೆ, ನಗದು ಬೆಲೆ ಹೇಳಿದ್ದು ಬೇರೆ ಸಾಮಾನಿಗೆ ಅಂತ ಆಮೇಲೆ ಹೇಳಬಹುದು.

ಇನ್ನೊಂದು ಎಚ್ಚರ. ನಗದು ಬೆಲೆ ತುಂಬಾ ಕಡಿಮೆ ಹೇಳಿದರೆ ಅದು ಬಿಲ್ ಇಲ್ಲದ ಬೆಲೆಯೋ ಕೇಳಿ. ಬಿಲ್ ಇಲ್ಲದೆ 48,000, ಬಿಲ್ ಸಹಿತ ಕಂತಿನಲ್ಲಿ 60,000 ಅಂದರೆ ಆ ವ್ಯತ್ಯಾಸದಲ್ಲಿ ತೆರಿಗೆಯೂ ಸೇರಿರುತ್ತದೆ, ಅದನ್ನೆಲ್ಲ ಬಡ್ಡಿ ಅನ್ನುವುದು ತಪ್ಪಾಗುತ್ತದೆ. ಎರಡೂ ಬೆಲೆ ಬಿಲ್ ಸಹಿತವೇ ಇರಬೇಕು. ಬಿಲ್ ಇಲ್ಲದೆ ಸಾಮಾನು ತಗೊಂಡರೆ ನಾಳೆ ಬೀರುವಿನ ಬಾಗಿಲು ಕೂರದೇ ಹೋದಾಗ ಕೇಳುವುದಕ್ಕೆ ನಿಮ್ಮ ಹತ್ತಿರ ದಾಖಲೆ ಇರುವುದಿಲ್ಲ.

ಕಂತು ಶುರುವಾದ ಮೇಲೆ ಬೇಗ ತೀರಿಸಲು ಹೋದಾಗ ಅಡಗಿದ ಬಡ್ಡಿ ಮತ್ತೆ ಎದುರಾಗುತ್ತದೆ. ಆರು ಕಂತು ಕಟ್ಟಿದ ಮೇಲೆ ಮೇಷ್ಟ್ರ ಕೈಗೆ ಸ್ವಲ್ಪ ಅರಿಯರ್ಸ್ ಬಂತು. ಪೂರ್ತಿ ತೀರಿಸಿಬಿಡೋಣ ಅಂತ ಹೋದರೆ ಅಂಗಡಿಯವರು ಬಾಕಿ ಆರು ಕಂತು, 24,000 ಕೊಡಿ ಅಂದರು. ಬಡ್ಡಿಯೇ ಇಲ್ಲವಲ್ಲ, ಇನ್ನೇನು ಕಡಿಮೆ ಮಾಡುವುದು ಅನ್ನುವ ವಾದ. ಆದರೆ ಕಂತು ಸಾಮಾನು ಬಂದ ತಿಂಗಳ ನಂತರ ಶುರುವಾಗಿತ್ತು ಅಂತಲೇ ಇಟ್ಟುಕೊಂಡರೂ, ಆ ದಿನಕ್ಕೆ ನಿಜವಾಗಿ ಬಾಕಿ ಇದ್ದದ್ದು ಸುಮಾರು 21,700. ಉಳಿದ 2,300 ಇನ್ನೂ ಬಾರದ ತಿಂಗಳುಗಳ ಬಡ್ಡಿ. ಮೇಷ್ಟ್ರು ಕೊಟೇಶನ್ ಮುಂದಿಟ್ಟು ಮಾತಾಡಿದ ಮೇಲೆ 22,500ಕ್ಕೆ ಒಪ್ಪಿದರು. ಕೊಟೇಶನ್ ಇಲ್ಲದಿದ್ದರೆ ಮಾತಾಡುವುದಕ್ಕೇ ದಾರಿ ಇರಲಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಕಂತು ಪೂರ್ತಿ ತೀರಿದ ಮೇಲಷ್ಟೇ ಸಾಮಾನು ನಮ್ಮದಾಗುವ ವ್ಯವಹಾರಕ್ಕೆ ಬಾಡಿಗೆ ಖರೀದಿ ಅನ್ನುತ್ತಾರೆ. ಅದಕ್ಕೆ ಅಂತಲೇ 1972ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತ್ತು. ಒಪ್ಪಂದದಲ್ಲಿ ನಗದು ಬೆಲೆ ಮತ್ತು ಕಂತಿನ ಬೆಲೆ ಎರಡನ್ನೂ ಬರೆಯಬೇಕು, ಬಹುಪಾಲು ಹಣ ಕಟ್ಟಿದವರ ಸಾಮಾನನ್ನು ಕೋರ್ಟಿಗೆ ಹೋಗದೆ ಎತ್ತಿಕೊಂಡು ಹೋಗಬಾರದು ಅಂತೆಲ್ಲ ಅದರಲ್ಲಿತ್ತು. ಆ ಕಾಯ್ದೆ ಜಾರಿಗೇ ಬರಲಿಲ್ಲ, 2005ರಲ್ಲಿ ಅದನ್ನು ರದ್ದು ಮಾಡಿದರು. ಎರಡು ಬೆಲೆ ಬರೆಯಬೇಕು ಎನ್ನುವ ಆ ಒಂದು ನಿಯಮ ಇದ್ದಿದ್ದರೂ ನಾನು ಈ ಲೇಖನ ಬರೆಯಬೇಕಾಗಿರಲಿಲ್ಲ ಅನ್ನಿಸುತ್ತದೆ. ಈಗ ನಿಮ್ಮ ಒಪ್ಪಂದದಲ್ಲಿ ಏನು ಬರೆದಿದೆಯೋ ಅದೇ ಮುಖ್ಯ, ಹಾಗಾಗಿ ಸಹಿ ಮಾಡುವ ಮುಂಚೆ ಓದಿ.

ಅಂಗಡಿಯವರೇ ಸಾಲ ಕೊಡುತ್ತಿದ್ದಾರೋ, ಅವರ ಹಿಂದೆ ಫೈನಾನ್ಸ್ ಕಂಪನಿ ಇದೆಯೋ ಅನ್ನುವುದನ್ನೂ ತಿಳ್ಕೊಳ್ಳಿ. ಬ್ಯಾಂಕ್ ಅಥವಾ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಫೈನಾನ್ಸ್ ಕಂಪನಿ ಕೊಡುವ ಸಾಲವಾದರೆ ನಿಮಗೆ ಅನುಕೂಲ ಜಾಸ್ತಿ. 2024ರ ಅಕ್ಟೋಬರ್ 1ರಿಂದ ಅವರು ಇಂಥ ಹೊಸ ಸಾಲಕ್ಕೆ ಮುಖ್ಯಾಂಶಗಳ ಒಂದು ಪತ್ರ ಕೊಡಲೇಬೇಕು. ಅದನ್ನು ಕೆಎಫ್‌ಎಸ್ ಅನ್ನುತ್ತಾರೆ. ಬಡ್ಡಿ, ಶುಲ್ಕ ಎಲ್ಲ ಸೇರಿದ ವಾರ್ಷಿಕ ದರ ಅದರಲ್ಲಿ ಎಪಿಆರ್ ಅಂತ ಬರೆದಿರುತ್ತದೆ. ಆದರೆ ಆ ಪತ್ರಕ್ಕೂ ಒಂದು ಮಿತಿ ಇದೆ. ಅಂಗಡಿಯವರು ಸಾಮಾನಿನ ಬೆಲೆಯನ್ನೇ 52,000ದಿಂದ 60,000ಕ್ಕೆ ಏರಿಸಿದ್ದರೆ ಫೈನಾನ್ಸ್ ಕಂಪನಿಯ ಪತ್ರದಲ್ಲಿ ಶೂನ್ಯ ಅಂತಲೇ ಇರಬಹುದು. ಬಡ್ಡಿ ಶೂನ್ಯ ಎನ್ನುವ ಪರಿಕಲ್ಪನೆಯೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ಬಡ್ಡಿ ಇಲ್ಲ ಅಂತ ಅಚ್ಚು ಹಾಕಿದ ಕರಪತ್ರ, ನಗದು ಬೆಲೆಯ ಕೊಟೇಶನ್, ಕಂತಿನ ಕಾರ್ಡ್, ಈ ಮೂರು ಕೈಯಲ್ಲಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಪ್ಪು ದಾರಿಗೆ ಎಳೆಯುವ ಜಾಹೀರಾತು ಅಂತ ದೂರು ಕೊಡಬಹುದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಅರ್ಜಿ ಶುಲ್ಕ ಇಲ್ಲ.

ಮೇಷ್ಟ್ರಿಗೆ ಬೇರೆ ದಾರಿ ಇತ್ತಾ? ಇತ್ತು. ಅವರು ಸದಸ್ಯರಾಗಿದ್ದ ನೌಕರರ ಸೊಸೈಟಿಯಲ್ಲಿ ಶೇಕಡಾ 14ಕ್ಕೆ ಸಾಲ ಸಿಗುತ್ತಿತ್ತು. ಅಲ್ಲಿ 40,000 ತೆಗೆದು, ನಗದು ಬೆಲೆಗೆ ಸಾಮಾನು ತಗೊಂಡಿದ್ದರೆ ತಿಂಗಳ ಕಂತು ಸುಮಾರು 3,600, ವರ್ಷದ ಬಡ್ಡಿ ಸುಮಾರು 3,100. ಎಲ್ಲರಿಗೂ ಇಂಥ ಸೊಸೈಟಿ ಇರುವುದಿಲ್ಲ, ಗೊತ್ತು. ಬೇರೆಲ್ಲೂ ಸಾಲ ಹುಟ್ಟದೆ, ಮದುವೆ ಮುಂದಿಟ್ಟುಕೊಂಡು ಅಂಗಡಿಯ ಕಂತಿಗೇ ಹೋಗಬೇಕಾದರೆ ಮುಂಗಡ ಜಾಸ್ತಿ ಕೊಟ್ಟು, ಕಂತಿನ ಬೆಲೆಯ ಮೇಲೆ ಚೌಕಾಸಿ ಮಾಡಿ. ತಿಂಗಳ ಕಂತನ್ನು ಮುನ್ನೂರು ಇಳಿಸಿ ಎರಡು ಕಂತು ಜಾಸ್ತಿ ಮಾಡ್ತೀವಿ ಅಂದರೆ ಸುಮ್ನೆ ಒಪ್ಪಬೇಡಿ. ಮೇಷ್ಟ್ರ ಲೆಕ್ಕದಲ್ಲಿ 3,700ರಂತೆ 14 ಕಂತು ಅಂದರೆ 51,800 ಆಗುತ್ತದೆ, 3,800 ಜಾಸ್ತಿ.

ಬಾಡಿಗೆ ಖರೀದಿಯಲ್ಲಿ ಕೊನೆಯ ಕಂತಿನ ತನಕ ಸಾಮಾನು ಅಂಗಡಿಯದ್ದೇ. ಹಾಗಾಗಿ ಕೊನೆಯ ಕಂತು ಕಟ್ಟಿದ ದಿನವೇ ಲೆಕ್ಕ ಚುಕ್ತಾ ಆಗಿದೆ, ಸಾಮಾನಿನ ಮೇಲೆ ನಮ್ಮ ಹಕ್ಕಿಲ್ಲ ಅಂತ ಲೆಟರ್‌ಹೆಡ್‌ನಲ್ಲಿ ಸಹಿ, ಸೀಲ್ ಹಾಕಿಸಿಕೊಳ್ಳಿ. ಶುರುವಿನಲ್ಲಿ ಸಹಿ ಮಾಡಿ ಕೊಟ್ಟ ಖಾಲಿ ಚೆಕ್‌ಗಳನ್ನು ಎಣಿಸಿ ವಾಪಸ್ ತಗೊಳ್ಳಿ. ಬ್ಯಾಂಕಿನಿಂದ ಕಂತು ತಾನಾಗಿಯೇ ಕಡಿತ ಆಗುತ್ತಿದ್ದರೆ ಬ್ಯಾಂಕಿಗೆ ಹೋಗಿ ಅದನ್ನೂ ರದ್ದು ಮಾಡಿಸಿ.